ಮೂವತ್ನಾಲ್ಕು ಸ್ಲೈಡ್, ಮೂರು ಓದು: ಬೆಳಗಾವಿ ಫೌಂಡ್ರಿಯೊಂದರ ಡೆಕ್ ಪ್ರಕರಣ

ಬೆಳಗಾವಿಯ ಉದ್ಯಮಬಾಗದಂಥ ಕಡೆ ಇರುವ ಒಂದು ಬೂದು ಎರಕದ ಫೌಂಡ್ರಿಯನ್ನು ಇಟ್ಟುಕೊಂಡು ಈ ಪ್ರಕರಣ ಕಟ್ಟಲಾಗಿದೆ. ಅಂಕಿಗಳು ಮಾದರಿಯವು, ಲೆಕ್ಕ ಕಣ್ಣಿಗೆ ಕಾಣಲಿ ಎಂದು ದುಂಡಾಗಿಸಿದವು. ಆದರೆ ಒಂದೇ ಡೆಕ್ಕನ್ನು ಮೂವರಿಗೆ ತೋರಿಸಬೇಕಾಗಿ ಬರುವುದು, ಮೂರು ಕಡೆಯೂ ಬೇರೆ ಬೇರೆ ರೀತಿಯಲ್ಲಿ ಕೆಡುವುದು ಎಲ್ಲ ಕಾರ್ಖಾನೆಯಲ್ಲೂ ಇದ್ದದ್ದೇ.

ಈ ಘಟಕದಲ್ಲಿ ಹಸಿ ಉಸುಕಿನ ಅಚ್ಚಿನಲ್ಲಿ ಪಂಪಿನ ಎರಡು ಭಾಗಗಳನ್ನು ಎರೆಯುತ್ತಾರೆ. ಒಂದು ಕೇಸಿಂಗ್, ಇನ್ನೊಂದು ಕವರ್. ಎರಡರಲ್ಲೂ ಬ್ಲೋಹೋಲ್, ಅಂದರೆ ಲೋಹದೊಳಗೆ ಆವಿ ಅಥವಾ ಗಾಳಿ ಸಿಕ್ಕಿ ಆಗುವ ತೂತಿನ ಕಾಟ. ಪ್ರೊಸೆಸ್ ಎಂಜಿನಿಯರ್ ನವೆಂಬರ್-ಡಿಸೆಂಬರ್‌ನಲ್ಲಿ 6 ವಾರ ಪ್ರಯೋಗ ಮಾಡಿ ಎರಡು ಬದಲಾವಣೆ ತಂದರು. ಮೊದಲನೆಯದು, ಉಸುಕಿನ ಕಂಪ್ಯಾಕ್ಟಬಿಲಿಟಿಯನ್ನು, ಅಂದರೆ ಪೆಟ್ಟು ಹಾಕಿದಾಗ ಸಡಿಲ ಉಸುಕು ನೂರಕ್ಕೆ ಎಷ್ಟು ಕುಸಿಯುತ್ತದೆ ಎಂಬುದನ್ನು, ಪಾಳಿಗೊಮ್ಮೆ ನೋಡುವ ಬದಲು ಅರ್ಧ ತಾಸಿಗೊಮ್ಮೆ ನೋಡಿ ನೀರು ಹೊಂದಿಸುವುದು. ಎರಡನೆಯದು, ಕೇಸಿಂಗಿನ ಮೇಲಚ್ಚಿಗೆ ಗಾಳಿ ಹೋಗಲು ಹೆಚ್ಚುವರಿ ವೆಂಟ್ ಕೊಡುವುದು. ಬ್ಲೋಹೋಲಿನಿಂದ ಬೀಳುವ ಮಾಲು ನೂರಕ್ಕೆ 9ರಿಂದ 5ಕ್ಕೆ ಇಳಿಯಿತು. ಇದನ್ನೆಲ್ಲ ಅವರು 34 ಸ್ಲೈಡಿನಲ್ಲಿ ಬರೆದು, ಕೊನೆಯಲ್ಲಿ 12 ಲಕ್ಷ ರೂಪಾಯಿಯ ತೇವಾಂಶ ನಿಯಂತ್ರಕ ಯಂತ್ರ ಬೇಕೆಂದು ಕೇಳಿದರು.

ಡೆಕ್ಕನ್ನು ಒಂದೇ ವಾರದಲ್ಲಿ ಮೂವರು ನೋಡಬೇಕಿತ್ತು. ಸೋಮವಾರ ಬೆಳಿಗ್ಗೆ ಎಂ.ಡಿ. ಸಾಹೇಬರಿಗೆ, ಎರಡು ಮೀಟಿಂಗಿನ ನಡುವೆ 10 ನಿಮಿಷ. ಬುಧವಾರ ಅದೇ ಗುಂಪಿನ ಎರಡನೇ ಘಟಕದ ಮೆಥಡ್ಸ್ ಎಂಜಿನಿಯರಿಗೆ. ಅವರು ಇದನ್ನು ತಮ್ಮ ಲೈನಿನಲ್ಲಿ ಮಾಡಿ ನೋಡುವವರು. ಶುಕ್ರವಾರ ಹೊಸದಾಗಿ ಸೇರಿದ ಡಿಪ್ಲೊಮಾ ಹುಡುಗನಿಗೆ. ಮುಂದಿನ ವಾರದಿಂದ ಉಸುಕಿನ ಲ್ಯಾಬಿನಲ್ಲಿ ನಿಂತು ಟೆಸ್ಟ್ ಮಾಡುವವನು ಅವನೇ.

ಎಂಜಿನಿಯರ್ ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಸಾಹೇಬರಿಗೆ 34ನ್ನು 12 ಮಾಡಿದರು, ಎರಡನೇ ಘಟಕದವರಿಗೆ 34ನ್ನೂ ಕಳಿಸಿದರು, ಹುಡುಗನಿಗೆ 'ಸುಲಭದವು' ಎನಿಸಿದ 8 ಸ್ಲೈಡ್ ಆರಿಸಿ ಕೊಟ್ಟರು. ಅಂದರೆ ಒಂದೇ ಅಳತೆಗೋಲಿನ ಮೇಲೆ ಹೆಚ್ಚು, ಕಡಿಮೆ, ಇನ್ನೂ ಕಡಿಮೆ. ಮೂರೂ ಕೆಲಸಕ್ಕೆ ಬರಲಿಲ್ಲ.

ಸ್ಲೈಡಿಗೆ ಕೇಳುವ ಪ್ರಶ್ನೆ

ಎಷ್ಟು ಸ್ಲೈಡ್ ಎಂಬುದನ್ನು ಮೊದಲೇ ನಿಗದಿ ಮಾಡಿದರೆ ಕೈ ತಾನಾಗಿ ಎಲ್ಲ ಭಾಗದಿಂದಲೂ ಸ್ವಲ್ಪ ಸ್ವಲ್ಪ ಕತ್ತರಿಸುತ್ತದೆ. ಹಿನ್ನೆಲೆಯಿಂದ ಒಂದು, ದತ್ತಾಂಶದಿಂದ ಎರಡು, ಪ್ರಯೋಗದಿಂದ ಎರಡು. ಉಳಿಯುವುದು ದೊಡ್ಡ ಡೆಕ್ಕಿನ ಮಸುಕು ನಕಲು. ಅದರ ಬದಲು ಪ್ರತಿ ಸ್ಲೈಡಿನ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಬೇಕು: ಈ ಸ್ಲೈಡ್ ಇಲ್ಲದಿದ್ದರೆ ಈ ಓದುಗ ಮುಂದೆ ಮಾಡುವ ಕೆಲಸ ಏನಾದರೂ ಬದಲಾಗುತ್ತದೆಯೇ? ಬದಲಾಗುತ್ತದೆ ಅಂದರೆ ಅದು ಮುಂದೆ ಇರಲಿ. ಬದಲಾಗುವುದಿಲ್ಲ, ಆದರೆ ಕೇಳಬಹುದು ಅಂದರೆ ಕೊನೆಯ ಪುರವಣಿಗೆ ಹೋಗಲಿ. ಎರಡೂ ಅಲ್ಲದಿದ್ದರೆ ತೆಗೆದುಹಾಕಬೇಕು. 'ಕಷ್ಟಪಟ್ಟು ಮಾಡಿದ ಗ್ರಾಫ್' ಎಂಬುದಕ್ಕೆ ಈ ಮೂರರಲ್ಲಿ ಜಾಗವಿಲ್ಲ. ಹೆಚ್ಚಿನ ಡೆಕ್ಕುಗಳು ದಪ್ಪವಾಗುವುದು ಆ ನಾಲ್ಕನೇ ಕಾರಣಕ್ಕೇ.

ಈ ಪ್ರಶ್ನೆ ಕೇಳಲು ಓದುಗ ಮಾಡುವ ಕೆಲಸ ಯಾವುದೆಂದು ಒಂದು ವಾಕ್ಯದಲ್ಲಿ ಬರೆದುಕೊಳ್ಳಬೇಕಾಗುತ್ತದೆ. ಎಂ.ಡಿ. ದುಡ್ಡಿಗೆ ಹೂಂ ಅಥವಾ ಊಹೂಂ ಅನ್ನುತ್ತಾರೆ. ಎರಡನೇ ಘಟಕದವರು ಪ್ರಯೋಗವನ್ನು ಮತ್ತೆ ಮಾಡುತ್ತಾರೆ. ಹುಡುಗ ಕೊಳವೆಯಲ್ಲಿ ಉಸುಕು ತುಂಬಿ, ಒಂದು ಅಂಕಿ ಓದಿ, ನೀರು ಹೆಚ್ಚಿಸಿ ಅಥವಾ ಕಡಿಮೆ ಮಾಡಿ ಎಂದು ಮಿಕ್ಸರ್ ನಡೆಸುವವರಿಗೆ ಹೇಳುತ್ತಾನೆ. ಮೂರು ಬೇರೆ ಕೆಲಸ. ಹಾಗಾಗಿ ಒಂದೇ ಸ್ಲೈಡ್ ಒಬ್ಬರಿಗೆ ಕಸ, ಇನ್ನೊಬ್ಬರಿಗೆ ಜೀವಾಳ ಆಗಬಹುದು.

ಎಂ.ಡಿ.ಗೆ ಒಂದು ಪುಟ, ಆದರೆ ಮೊದಲು ಲೆಕ್ಕ

ಹತ್ತು ನಿಮಿಷ ಅಂದರೆ ಮಾತಿಗೆ ನಾಲ್ಕು, ಪ್ರಶ್ನೆಗೆ ಆರು. ನಾಲ್ಕು ನಿಮಿಷದಲ್ಲಿ ಒಂದು ಪುಟ ಹೇಳಬಹುದು, ಹೆಚ್ಚೆಂದರೆ ಎರಡು. 12 ಸ್ಲೈಡಿನ ಮೊದಲ ಕಡಿತದಲ್ಲಿ ಕೇಳಿಕೆ ಇದ್ದದ್ದು ಹನ್ನೊಂದನೆಯದರಲ್ಲಿ. ಬ್ಲೋಹೋಲ್ ಅಂದರೇನು ಎಂದು ಮೂರು ಸ್ಲೈಡ್ ಇದ್ದವು. ಜೀವನವಿಡೀ ಫೌಂಡ್ರಿ ನಡೆಸಿದವರಿಗೆ ಅದನ್ನು ವಿವರಿಸುವುದು ಸಮಯ ಹಾಳಷ್ಟೇ ಅಲ್ಲ, ಸ್ವಲ್ಪ ಅಧಿಕಪ್ರಸಂಗವೂ ಹೌದು.

ಒಂದು ಪುಟಕ್ಕೆ ಇಳಿಸುವಾಗ ಮೊದಲು ಬರೆಯಬೇಕಾದದ್ದು ಕೇಳಿಕೆಯ ವಾಕ್ಯ. ಇಲ್ಲಿ ಅದು ಹೀಗಿತ್ತು: "ರಿಜೆಕ್ಷನ್ 9ರಿಂದ 5ಕ್ಕೆ ಇಳಿದಿದೆ, ವರ್ಷಕ್ಕೆ 79 ಲಕ್ಷ ಉಳಿತಾಯ, 12 ಲಕ್ಷದ ಯಂತ್ರಕ್ಕೆ ಒಪ್ಪಿಗೆ ಬೇಕು." 34 ಸ್ಲೈಡಿನ ನಡುವೆ ಈ ಮೂರು ತುಣುಕು ದೂರ ದೂರ ಇದ್ದವು, ಹಾಗಾಗಿ ಯಾರಿಗೂ ಏನೂ ಅನಿಸಿರಲಿಲ್ಲ. ಒಂದೇ ಸಾಲಿನಲ್ಲಿ ಅಕ್ಕಪಕ್ಕ ನಿಂತಾಗ ಮೂರೂ ಅಲುಗಾಡುತ್ತವೆ. ಕುಗ್ಗಿಸುವ ಕೆಲಸದ ನಿಜವಾದ ಲಾಭ ಇದು, ಅಂಕಿ ಅಡಗಿಕೊಳ್ಳಲು ಜಾಗ ಸಿಗುವುದಿಲ್ಲ.

79 ಲಕ್ಷವನ್ನೇ ಮೊದಲು ತೆಗೆದುಕೊಳ್ಳೋಣ. ಆರು ವಾರಕ್ಕೆ 12,000 ಎರಕ. 9ರಿಂದ 5 ಅಂದರೆ 480 ಉಳಿದವು, ವಾರಕ್ಕೆ 80. ಒಂದೊಂದು 18 ಕೆ.ಜಿ., ಮಾರಾಟದ ದರ ಕೆ.ಜಿ.ಗೆ 110 ರೂಪಾಯಿ. ಹಾಗಾಗಿ ಒಂದಕ್ಕೆ 1,980 ರೂಪಾಯಿ, 50 ವಾರಕ್ಕೆ 79 ಲಕ್ಷ. ಗುಣಾಕಾರ ಸರಿ, ಆಧಾರ ತಪ್ಪು. ಬಿದ್ದ ಎರಕ ಮರಳಿ ಕುಲುಮೆಗೇ ಹೋಗುತ್ತದೆ, ಕಬ್ಬಿಣ ಎಲ್ಲೂ ಹೋಗಿಲ್ಲ. ಕಳೆದುಹೋದದ್ದು ಕರಗಿಸಿದ ಕರೆಂಟು, ಉಸುಕು, ಕೋರ್, ಕೂಲಿ. ಅದು ಕೆ.ಜಿ.ಗೆ 25 ರೂಪಾಯಿ ಎಂದು ಹಿಡಿದರೆ ಎರಕಕ್ಕೆ 450, ವರ್ಷಕ್ಕೆ 18 ಲಕ್ಷ. ಕುಲುಮೆಗೆ ಬಿಡುವೇ ಇಲ್ಲದೆ, ಆರ್ಡರ್ ಕಾಯುತ್ತ ನಿಂತಿದ್ದರೆ ಮಾತ್ರ ಮಾರಾಟದ ದರದಲ್ಲಿ ಯೋಚಿಸಲು ಕಾರಣವಿದೆ, ಆಗಲೂ ಪೂರ್ತಿ ದರವಲ್ಲ. ಫೌಂಡ್ರಿ ಮಾಲೀಕರು 79 ಲಕ್ಷ ನೋಡಿದ ಕೂಡಲೇ ಈ ಪ್ರಶ್ನೆ ಕೇಳುತ್ತಾರೆ, ಆಮೇಲೆ ಉಳಿದ ಯಾವ ಅಂಕಿಯನ್ನೂ ನಂಬುವುದಿಲ್ಲ.

ಇನ್ನು '9ರಿಂದ 5'. ಪ್ರಯೋಗಕ್ಕೆ ಮುಂಚಿನ ಆರು ವಾರ ಕೇಸಿಂಗ್ 6,000, ಕವರ್ 6,000 ಎರೆದಿದ್ದರು. ಪ್ರಯೋಗದ ಆರು ವಾರ ಕೇಸಿಂಗ್ 4,000, ಕವರ್ 8,000. ಕವರ್ ಮೊದಲಿನಿಂದಲೂ ಸಲೀಸಾಗಿ ಬರುವ ಮಾಲು. ಸಲೀಸಾದದ್ದನ್ನು ಹೆಚ್ಚು ಎರೆದರೆ ಏನೂ ಮಾಡದಿದ್ದರೂ ಒಟ್ಟು ಶೇಕಡಾ ಇಳಿಯುತ್ತದೆ. ಪ್ರಯೋಗದಲ್ಲಿ ಕೇಸಿಂಗ್ ಶೇ. 7, ಕವರ್ ಶೇ. 4 ಬಂದಿತ್ತು. ಅದನ್ನೇ ಹಳೆಯ 6,000 ಮತ್ತು 6,000ಕ್ಕೆ ಹಾಕಿದರೆ 420 ಮತ್ತು 240, ಒಟ್ಟು 660; ಅಂದರೆ 5.5. ಅರ್ಧ ಅಂಶ ಬರೀ ಆರ್ಡರ್ ಬದಲಾದದ್ದರಿಂದ ಬಂದ ಇಳಿಕೆ.

ಅದೂ ಪೂರ್ತಿಯಲ್ಲ. ಎರಕದ ಮೇಲ್ಪದರದ ಕೆಳಗಿನ ಬ್ಲೋಹೋಲ್ ಅಚ್ಚು ಒಡೆದು ತೆಗೆದಾಗ ಕಾಣುವುದಿಲ್ಲ, ಮಷಿನ್ ಶಾಪಿನಲ್ಲಿ ಟೂಲ್ ಓಡಿದ ಮೇಲೆ ಬಾಯಿ ಬಿಡುತ್ತದೆ. ಮೊದಲಿನ ಆರು ವಾರದ 1,080 ರಿಜೆಕ್ಷನ್‌ನಲ್ಲಿ 240 ಹಾಗೆ ಮಷಿನ್ ಶಾಪಿನಿಂದ ವಾಪಸ್ ಬಂದವು. ಪ್ರಯೋಗದ ಕೊನೆಯ ಎರಡು ವಾರದ ಮಾಲು ಡೆಕ್ ಮಾಡುವ ಹೊತ್ತಿಗೆ ಇನ್ನೂ ಮಷಿನ್ ಶಾಪಿನಲ್ಲೇ ಇತ್ತು. ಅದೇ ಪ್ರಮಾಣದಲ್ಲಿ ವಾಪಸ್ ಬಂದರೆ 5.5 ಎಂಬುದು 6ರ ಹತ್ತಿರ ಹೋಗುತ್ತದೆ. 9ರಿಂದ 6 ಅಂದರೆ ವಾರಕ್ಕೆ 60 ಎರಕ, ವರ್ಷಕ್ಕೆ 13.5 ಲಕ್ಷ ರೂಪಾಯಿ.

79ರಿಂದ 13.5ಕ್ಕೆ ಇಳಿದರೂ ಕೆಲಸ ಒಳ್ಳೆಯದೇ. ಆದರೆ ಈಗ ಮೂರನೇ ತುಣುಕು ನೋಡಿ. ಇಷ್ಟೂ ಇಳಿಕೆ ಬಂದದ್ದು ಕೈಯಲ್ಲಿ ಮಾಡಿದ ಟೆಸ್ಟಿನಿಂದ, ವೆಂಟಿನಿಂದ. ಯಂತ್ರ ಇರಲೇ ಇಲ್ಲ. ಸಾಹೇಬರು ಕೇಳುವ ಮೊದಲ ಮಾತೇ ಅದಾಗಿರುತ್ತದೆ: "ಅಲ್ರೀ, ಮಷಿನ್ ಇಲ್ದನ ಆರಕ್ಕ ಬಂದೈತಿ ಅಂತೀರಿ. ಮತ್ತ ಹನ್ನೆರಡು ಲಕ್ಷ ಯಾಕ್ ಹಾಕಬೇಕು?"

ಅದಕ್ಕೆ ಉತ್ತರ ಡೆಕ್ಕಿನಲ್ಲಿ ಇರಲಿಲ್ಲ, ಎಂಜಿನಿಯರಿನ ತಲೆಯಲ್ಲಿತ್ತು. ಪ್ರಯೋಗ ನಡೆದದ್ದು ಚಳಿಗಾಲದಲ್ಲಿ. ಮಾರ್ಚ್ ದಾಟಿದ ಮೇಲೆ ಅಚ್ಚು ಒಡೆದು ವಾಪಸ್ ಬರುವ ಉಸುಕು ಪೂರ್ತಿ ತಣ್ಣಗಾಗುವುದಿಲ್ಲ. ಬಿಸಿ ಉಸುಕಿಗೆ ಹಾಕಿದ ನೀರು ಮಿಕ್ಸರಿನಿಂದ ಮೋಲ್ಡಿಂಗ್ ಯಂತ್ರಕ್ಕೆ ಹೋಗುವಷ್ಟರಲ್ಲಿ ಆವಿಯಾಗುತ್ತದೆ, ಮಿಕ್ಸರಿನಲ್ಲಿ ಸರಿ ಇದ್ದದ್ದು ಅಚ್ಚಿನ ಹತ್ತಿರ ಒಣಗಿರುತ್ತದೆ. ಅರ್ಧ ತಾಸಿನ ಟೆಸ್ಟ್ ಆಗ ಸಾಲುತ್ತದೆಯೋ ಇಲ್ಲವೋ ನೋಡಿಲ್ಲ. ಸಾಲದಿದ್ದರೆ ಯಂತ್ರಕ್ಕೆ ಅರ್ಥವಿದೆ, ಸಾಲಿದರೆ ಇಲ್ಲ. ಅಂದರೆ ಸರಿಯಾದ ಕೇಳಿಕೆ ಯಂತ್ರವೇ ಅಲ್ಲ. ಕೊನೆಗೆ ಪುಟ ಹೀಗಾಯಿತು:

> ಕೇಳಿಕೆ: ಮಾರ್ಚ್‌ನಿಂದ ಮೇ ತನಕ ಉಸುಕಿನ ಲ್ಯಾಬಿಗೆ ಎರಡು ಪಾಳಿಗೆ ಇಬ್ಬರು ಸಹಾಯಕರು, ಒಟ್ಟು ₹1.2 ಲಕ್ಷ. ₹12 ಲಕ್ಷದ ಯಂತ್ರದ ನಿರ್ಧಾರ ಜೂನ್‌ಗೆ.
>
> ಯಾಕೆ: ಬ್ಲೋಹೋಲ್ ರಿಜೆಕ್ಷನ್ ನೂರಕ್ಕೆ 9 ಇದ್ದದ್ದು ಸುಮಾರು 6ಕ್ಕೆ ಬಂದಿದೆ. ವರ್ಷಕ್ಕೆ ಸುಮಾರು ₹13.5 ಲಕ್ಷ (ಲೋಹದ ಬೆಲೆ ಸೇರಿಸಿಲ್ಲ).
>
> ಇನ್ನೂ ಗೊತ್ತಿಲ್ಲದ್ದು: ಪ್ರಯೋಗ ಚಳಿಗಾಲದ್ದು. ಬೇಸಿಗೆಯ ಬಿಸಿ ಉಸುಕಿನಲ್ಲಿ 6 ನಿಲ್ಲುತ್ತದೆಯೇ ಎಂಬುದನ್ನೇ ಈ ಮೂರು ತಿಂಗಳು ನೋಡುವುದು.
>
> ಬೇಡ ಎಂದರೆ: ಪಾಳಿಗೊಮ್ಮೆ ಟೆಸ್ಟ್ ಮಾಡುವ ಹಳೆಯ ಪದ್ಧತಿಗೆ ಮರಳುತ್ತೇವೆ, ಕೇಸಿಂಗಿನ ವೆಂಟ್ ಮಾತ್ರ ಉಳಿಯುತ್ತದೆ.

ಮೂರನೇ ಸಾಲನ್ನು ತೆಗೆಯುವ ಆಸೆ ಬಲವಾಗಿರುತ್ತದೆ. ಪುಟ ಚಿಕ್ಕದಾಗುತ್ತದೆ, ಮಾತು ಗಟ್ಟಿಯಾಗಿ ಕೇಳುತ್ತದೆ. ದೊಡ್ಡವರ ಡೆಕ್ಕಿನಲ್ಲಿ ಮೊದಲು ಸಾಯುವುದೇ ಈ 'ಆದರೆ'. ನಮ್ಮ ಅಭಿಪ್ರಾಯದಲ್ಲಿ ಜಾಗ ಸಾಲದೆ ಬಂದರೆ ಎರಡನೆಯದರಲ್ಲಿ ಒಂದು ಅಂಕಿ ಬಿಡಿ, ಮೂರನೆಯದನ್ನು ಮುಟ್ಟಬೇಡಿ. ಏಪ್ರಿಲ್‌ನಲ್ಲಿ ಅಂಕಿ 8ಕ್ಕೆ ಏರಿದರೆ, ಜನವರಿಯ ಪುಟದಲ್ಲಿ ಆ ಸಾಲು ಇದ್ದ ಎಂಜಿನಿಯರಿಗೆ ಅದು ನಿರೀಕ್ಷಿತ ಫಲಿತಾಂಶ. ಇಲ್ಲದಿದ್ದವರಿಗೆ ಅದೇ ಅಂಕಿ ಉತ್ತರ ಹೇಳಲಾಗದ ಪ್ರಶ್ನೆ.

ಪುರವಣಿಗೆ ಐದು ಸ್ಲೈಡ್ ಸಾಕು: ಮಾಲುವಾರು ಕೋಷ್ಟಕ, 450 ರೂಪಾಯಿ ಹೇಗೆ ಬಂತು, ಮಷಿನ್ ಶಾಪ್ ವಾಪಸಾತಿ, ಯಂತ್ರದ ಕೊಟೇಶನ್, ಮೂರು ತಿಂಗಳ ವೇಳಾಪಟ್ಟಿ. ಅವನ್ನು ತೋರಿಸುವುದಿಲ್ಲ, ಕೇಳಿದರೆ ತೆರೆಯುವುದು. ಹಾಗಾಗಿ ಪ್ರತಿ ಪುರವಣಿ ಸ್ಲೈಡಿನ ತಲೆಬರಹ ಪ್ರಶ್ನೆಯ ರೂಪದಲ್ಲೇ ಇದ್ದರೆ ಹುಡುಕುವುದು ಸುಲಭ. "450 ಎಲ್ಲಿಂದ ಬಂತು?" ಎಂದು ಅವರು ಕೇಳುವಾಗ ಅದೇ ಮಾತು ಸ್ಲೈಡಿನ ಮೇಲಿರುತ್ತದೆ.

ಸರಿಸಮಾನರಿಗೆ ಬೇರೆ ಕಡೆ ಕತ್ತರಿ

ಎರಡನೇ ಘಟಕದವರಿಗೆ 34ನ್ನೂ ಕಳಿಸಿದ್ದು ಗೌರವದಂತೆ ಕಂಡರೂ ಸೋಮಾರಿತನವೇ. ಅವರು ಮೊದಲ 15 ಸ್ಲೈಡ್ ಸರಸರ ತಿರುವಿ, ಅದೇ ವೇಗದಲ್ಲಿ ಮುಖ್ಯವಾದದ್ದನ್ನೂ ದಾಟಿಬಿಡುತ್ತಾರೆ. ಬ್ಲೋಹೋಲ್ ಪಾಠ, ದೋಷದ ಫೋಟೊ, ಕಾರಣ ಹುಡುಕಲು ಬರೆದ ಮೀನಿನ ಮೂಳೆಯ ಚಿತ್ರ, ಉಳಿತಾಯದ ಲೆಕ್ಕ ಎಲ್ಲ ತೆಗೆದರೆ ಉಳಿಯುವುದು 10 ಸ್ಲೈಡ್. ಅದಕ್ಕೆ ಮೂಲದಲ್ಲಿ ಇಲ್ಲದ ನಾಲ್ಕು ಸೇರಿಸಬೇಕು. ಇಲ್ಲಿ ಕುಗ್ಗಿಸುವುದು ಎಂದರೆ ಸೇರಿಸುವುದೂ ಹೌದು, ಯಾಕೆಂದರೆ ಮತ್ತೆ ಮಾಡುವವರಿಗೆ ಬೇಕಾದ ವಿವರವನ್ನು ಮೂಲ ಡೆಕ್ ಬರೆದವರು ತಮಗೆ ಗೊತ್ತೇ ಇದೆ ಎಂದು ಬಿಟ್ಟಿರುತ್ತಾರೆ.

ಅವರಿಗೆ ಎಲ್ಲಕ್ಕಿಂತ ಮುಖ್ಯ ಸ್ಲೈಡ್ ಇದು:

| | ಮೊದಲು ಎರೆದದ್ದು | ಬಿದ್ದದ್ದು | ಪ್ರಯೋಗದಲ್ಲಿ ಎರೆದದ್ದು | ಬಿದ್ದದ್ದು |
|---|---|---|---|---|
| ಕೇಸಿಂಗ್ (ಉಸುಕು + ವೆಂಟ್) | 6,000 | 720 | 4,000 | 280 |
| ಕವರ್ (ಉಸುಕು ಮಾತ್ರ) | 6,000 | 360 | 8,000 | 320 |

ಇದರಲ್ಲಿ ಶೇಕಡಾ ಬರೆದಿಲ್ಲ, ಬೇಕೆಂದೇ ಬಿಟ್ಟದ್ದು. ಎಣಿಕೆ ಕೊಟ್ಟರೆ ಅವರು ಶೇಕಡಾ ತಾವೇ ತೆಗೆಯುತ್ತಾರೆ; ಶೇಕಡಾ ಮಾತ್ರ ಕೊಟ್ಟರೆ ಎಣಿಕೆ ತೆಗೆಯಲಾಗದು. ಎಡಗಡೆಯ ಆವರಣವನ್ನೂ ನೋಡಿ. ಕೇಸಿಂಗಿಗೆ ಎರಡು ಬದಲಾವಣೆ ಒಟ್ಟಿಗೆ ಆದವು, ಹಾಗಾಗಿ 12ರಿಂದ 7ಕ್ಕೆ ಬಂದದ್ದರಲ್ಲಿ ವೆಂಟಿನ ಪಾಲೆಷ್ಟು, ಉಸುಕಿನ ಪಾಲೆಷ್ಟು ಎಂದು ಬೇರೆ ಮಾಡಲು ಬರುವುದಿಲ್ಲ. ಕವರ್‌ಗೆ ಆದದ್ದು ಉಸುಕಿನ ಬದಲಾವಣೆ ಒಂದೇ, ಅದು 6ರಿಂದ 4ಕ್ಕೆ ಬಂದಿದೆ. ಇನ್ನೊಂದು ಘಟಕಕ್ಕೆ ಒಯ್ಯಬಹುದಾದ ಸಾಕ್ಷ್ಯ ಇರುವುದು ಈ ಕೆಳಗಿನ ಸಾಲಿನಲ್ಲಿ. ಎಂ.ಡಿ.ಯ ಪುಟದಲ್ಲಿ ಈ ಭೇದಕ್ಕೆ ಜಾಗವಿಲ್ಲ, ಇಲ್ಲಿ ಇದೇ ತಿರುಳು.

ಮೂಲದಲ್ಲಿ ಇಲ್ಲದ ನಾಲ್ಕು ಯಾವುವು ಎಂದು ತಿಳಿಯಲು ಅವರ ಮೊದಲ ಫೋನ್ ಕರೆಯನ್ನು ಊಹಿಸಿಕೊಂಡರೆ ಸಾಕು. "ಸ್ಯಾಂಪಲ್ ಎಲ್ಲಿಂದ ತಗೋತೀರ್ರಿ, ಮಿಕ್ಸರ್ ಬಾಯಿಂದೋ, ಮೋಲ್ಡಿಂಗ್ ಹಾಪರ್‌ನಿಂದೋ?" ಇದಕ್ಕೆ ಒಂದು ಸ್ಲೈಡ್. ಎರಡು ಜಾಗದ ನಡುವೆ ಬೆಲ್ಟ್ ಉದ್ದವಿದ್ದರೆ ಅಂಕಿ ಒಂದೇ ಬರುವುದಿಲ್ಲ. ವಾಪಸ್ ಉಸುಕು ಎಷ್ಟು ಬಿಸಿ ಇತ್ತು, ಬೆಂಟೊನೈಟ್ ಜೇಡಿ ಮತ್ತು ಕಲ್ಲಿದ್ದಲ ಪುಡಿ ಎಷ್ಟು ಹಾಕುತ್ತಿದ್ದರು ಎಂಬುದಕ್ಕೆ ಇನ್ನೊಂದು. ಬ್ಲೋಹೋಲ್ ಎಂದು ಯಾವುದನ್ನು ಎಣಿಸಿದರು, ಮಷಿನ್ ಶಾಪ್ ವಾಪಸಾತಿ ಯಾವ ವಾರದ ಖಾತೆಗೆ ಹಾಕಿದರು ಎಂಬುದಕ್ಕೆ ಮೂರನೆಯದು.

ನಾಲ್ಕನೆಯದಕ್ಕೆ ಸ್ವಲ್ಪ ಬಿಡಿಸಿ ಹೇಳಬೇಕು. ಈ ಘಟಕದಲ್ಲಿರುವುದು ಉಸುಕನ್ನು ಕುಲುಕಿ ಒತ್ತುವ ಜೋಲ್ಟ್-ಸ್ಕ್ವೀಜ್ ಯಂತ್ರ, ಇವರ ಗುರಿ 42ರಿಂದ 46 ಕಂಪ್ಯಾಕ್ಟಬಿಲಿಟಿ. ಎರಡನೇ ಘಟಕದ್ದು ಹೆಚ್ಚಿನ ಒತ್ತಡದ ಮೋಲ್ಡಿಂಗ್ ಲೈನ್. ಅಂಥ ಲೈನಿಗೆ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ ಕಂಪ್ಯಾಕ್ಟಬಿಲಿಟಿಯ ಉಸುಕು ಬೇಕು. ಡೆಕ್ಕಿನಲ್ಲಿ '42–46' ಎಂದು ದಪ್ಪಕ್ಷರದಲ್ಲಿ ಇದ್ದರೆ ಅದು ಔಷಧದ ಚೀಟಿಯಂತೆ ಒಯ್ಯಲ್ಪಡುತ್ತದೆ. ಅಲ್ಲಿ ಬರೆಯಬೇಕಾದದ್ದು ಆ ಅಂಕಿಗೆ ಇವರು ಹೇಗೆ ಬಂದರು ಎಂಬುದು: ಎರಡು ವಾರ ನೀರು ಮುಟ್ಟದೆ ಬರೀ ಅಳೆದರು, ಪ್ರತಿ ಬ್ಯಾಚಿನ ಅಂಕಿಯ ಪಕ್ಕದಲ್ಲಿ ಆ ಅಚ್ಚುಗಳ ರಿಜೆಕ್ಷನ್ ಬರೆದರು, ಬ್ಲೋಹೋಲ್ ಯಾವ ಅಂಕಿಯ ಮೇಲೆ ಏರುತ್ತದೆ, ಅಚ್ಚು ಉದುರುವುದು ಯಾವ ಅಂಕಿಯ ಕೆಳಗೆ ಶುರುವಾಗುತ್ತದೆ ಎಂದು ನೋಡಿ ನಡುವಿನ ಜಾಗ ಆರಿಸಿದರು. ಸರಿಸಮಾನರಿಗೆ ಅಂಕಿಗಿಂತ ಈ ದಾರಿ ಬೇಕು.

ಈ ಡೆಕ್ಕನ್ನು ಎದುರು ಕೂತು ತೋರಿಸುವುದಕ್ಕಿಂತ ಎರಡು ದಿನ ಮುಂಚೆ ಕಳಿಸಿ, ಮೀಟಿಂಗನ್ನು ಪ್ರಶ್ನೆಗೇ ಇಟ್ಟುಕೊಳ್ಳುವುದು ಮೇಲು. ಓದುವ ಡೆಕ್ಕಿನಲ್ಲಿ ವಾಕ್ಯಗಳು ಪೂರ್ತಿಯಾಗಿರಬೇಕು. 'ವೆಂಟ್: ಸುಧಾರಣೆ' ಎಂದು ಬರೆದರೆ ಹೇಳುವವರು ಪಕ್ಕದಲ್ಲಿ ನಿಂತಾಗ ಮಾತ್ರ ಅರ್ಥ.

ಹೊಸಬನಿಗೆ ಉದ್ದವಾಗಬೇಕು

ಹುಡುಗನಿಗೆ ಕೊಟ್ಟ 8 ಸ್ಲೈಡಿನಲ್ಲಿ ಬಣ್ಣದ ಪೈ ಚಾರ್ಟ್ ಇತ್ತು, ರಿಜೆಕ್ಷನ್ ಇಳಿದ ಗ್ರಾಫ್ ಇತ್ತು, ಬ್ಲೋಹೋಲಿನ ಫೋಟೊ ಇತ್ತು. ಅವನು ಸೋಮವಾರ ಮಾಡಬೇಕಾದ ಕೆಲಸದ ಬಗ್ಗೆ ಇದ್ದದ್ದು ಮೂಲದ 24ನೇ ಸ್ಲೈಡಿನ ಒಂದೇ ಸಾಲು: 'ಪ್ರಮಾಣಿತ ವಿಧಾನದಂತೆ ಕಂಪ್ಯಾಕ್ಟಬಿಲಿಟಿ ಟೆಸ್ಟ್'.

ಈ ಸಾಲನ್ನು ಮೂವರ ಕಣ್ಣಿನಿಂದ ಓದಿದರೆ ಇಡೀ ಪ್ರಕರಣ ಅಲ್ಲೇ ಇದೆ. ಎಂ.ಡಿ.ಗೆ ಈ ಸಾಲೂ ಬೇಡ. ಸರಿಸಮಾನರಿಗೆ ಇಷ್ಟೇ ಸಾಕು, ಅವರ ಕೈಗೆ ಆ ಟೆಸ್ಟ್ ರೂಢಿ. ಹುಡುಗನಿಗೆ ಇದು ಏಳು ಸ್ಲೈಡ್ ಆಗಬೇಕು.

ಆ ಏಳರಲ್ಲಿ ಒಂದೊಂದಕ್ಕೆ ಒಂದೇ ಕ್ರಿಯೆ, ಒಂದೇ ಫೋಟೊ, ಅದೂ ಇದೇ ಲ್ಯಾಬಿನ ಮೇಜಿನ ಮೇಲೆ ತೆಗೆದದ್ದು. ಉಸುಕನ್ನು ಮುಚ್ಚಳವಿರುವ ಡಬ್ಬಿಯಲ್ಲಿ ತರಬೇಕು, ತಂದ ಕೂಡಲೇ ಮಾಡಬೇಕು. ಜರಡಿಯ ಮೂಲಕ ಕೊಳವೆಗೆ ಸಡಿಲವಾಗಿ ಬೀಳಿಸಬೇಕು. ತುಂಬಿ ತುಳುಕಿದ ಮೇಲೆ ಪಟ್ಟಿಯಿಂದ ಅಂಚಿಗೆ ಸರಿಯಾಗಿ ಎಳೆದು ಸಮ ಮಾಡಬೇಕು. ಕೊಳವೆಯನ್ನು ರ‍್ಯಾಮರ್ ಕೆಳಗೆ ಅಲುಗಿಸದೆ ಇಡಬೇಕು. ಭಾರವನ್ನು ಮೆಲ್ಲಗೆ ಉಸುಕಿನ ಮೇಲೆ ಇಳಿಸಬೇಕು. ಮೂರು ಪೆಟ್ಟು ಹಾಕಬೇಕು. ಸ್ಕೇಲ್ ಓದಿ ಬರೆಯಬೇಕು. 100 ಇದ್ದ ಎತ್ತರ 56ಕ್ಕೆ ಇಳಿದರೆ ಕಂಪ್ಯಾಕ್ಟಬಿಲಿಟಿ 44.

ಇಲ್ಲಿ ಹೊಸಬರ ಕೈ ತಪ್ಪುವ ಜಾಗ ಒಂದಿದೆ, ಅದಕ್ಕೆ ಬೇರೆಯೇ ಸ್ಲೈಡ್ ಬೇಕು. ಉಸುಕು ಚೆನ್ನಾಗಿ ಕೂರಲಿ ಎಂದು ಕೊಳವೆಯನ್ನು ಮೇಜಿಗೆ ಎರಡು ಸಲ ತಟ್ಟುತ್ತಾರೆ, ಮನೆಯಲ್ಲಿ ಡಬ್ಬಿಗೆ ಹಿಟ್ಟು ತುಂಬುವಂತೆ. ತಟ್ಟಿದಾಗ ಉಸುಕು ಮೊದಲೇ ಕುಸಿದಿರುತ್ತದೆ, ಹಾಗಾಗಿ ಮೂರು ಪೆಟ್ಟಿನ ಮೇಲೆ ಇಳಿಯುವುದು ಕಡಿಮೆ. 44 ಬರಬೇಕಾದಲ್ಲಿ 39 ಬರುತ್ತದೆ. 39 ಅಂದರೆ ಒಣ ಉಸುಕು, ನೀರು ಹಾಕಿ ಎಂದು ಹುಡುಗ ಹೇಳುತ್ತಾನೆ. ಸರಿಯಾಗಿದ್ದ ಉಸುಕಿಗೆ ನೀರು ಬೀಳುತ್ತದೆ, ಬಿಸಿ ಲೋಹ ತಾಗಿದಾಗ ಆ ನೀರು ಆವಿಯಾಗುತ್ತದೆ, ಆವಿ ಲೋಹದೊಳಗೆ ನುಗ್ಗುತ್ತದೆ. ಯಾವ ಬ್ಲೋಹೋಲ್ ತಪ್ಪಿಸಲು ಟೆಸ್ಟ್ ಇಟ್ಟರೋ ಅದನ್ನು ಟೆಸ್ಟೇ ತಂದುಕೊಡುತ್ತದೆ. ಒಂದು ಮಿಲಿಲೀಟರ್ ನೀರು ಆವಿಯಾದರೆ ಸುಮಾರು 1.7 ಲೀಟರ್ ಜಾಗ ಬೇಡುತ್ತದೆ ಎಂಬ ಒಂದು ಅಂಕಿ ಈ ಸ್ಲೈಡಿನಲ್ಲಿ ಇದ್ದರೆ, ತಟ್ಟಬೇಡ ಎಂಬ ಮಾತಿಗೆ ಕಾರಣ ತಾನಾಗಿ ಸೇರಿಕೊಳ್ಳುತ್ತದೆ.

ಕಾರಣ ಎಷ್ಟು ಕೊಡಬೇಕು ಎಂಬುದೇ ಹೊಸಬನ ಡೆಕ್ಕಿನ ಕಷ್ಟದ ನಿರ್ಧಾರ. ಏನೂ ಕೊಡದಿದ್ದರೆ ಅವನು ಬರೀ ಹೆಜ್ಜೆ ಕಲಿಯುತ್ತಾನೆ, ಹೆಜ್ಜೆಯಲ್ಲಿ ಇಲ್ಲದ್ದು ಎದುರಾದಾಗ ನಿಂತುಬಿಡುತ್ತಾನೆ. ಪೂರ್ತಿ ಕೊಟ್ಟರೆ ಬೆಂಟೊನೈಟಿನ ರಸಾಯನಶಾಸ್ತ್ರದಲ್ಲಿ ಹೆಜ್ಜೆ ಮುಳುಗುತ್ತದೆ. ಇಲ್ಲಿ ಹಾಕಿದ ಗೆರೆ ಇದು: ಅವನು ಕೇಳಿಯೇ ಕೇಳುವ ಒಂದು 'ಯಾಕೆ'ಗೆ ಉತ್ತರ ಇರಲಿ, ಉಳಿದವು ಕೆಲಸ ಕೈಗೆ ಬಂದ ಮೇಲೆ. ಆ ಒಂದು ಯಾವುದು? "ಸರ್, ನೀರಿನ ಮೀಟರ್ ಐತಲ್ರೀ, ತೇವಾಂಶ ನೇರ ಅಳದರ ಆಗಂಗಿಲ್ಲೇನ್ರೀ?"

ಉತ್ತರಕ್ಕೆ ಎರಡು ಸ್ಲೈಡ್. ಒಂದೇ ಪ್ರಮಾಣದ ನೀರು ಎರಡು ಉಸುಕಿನಲ್ಲಿ ಬೇರೆ ಬೇರೆಯಾಗಿ ವರ್ತಿಸುತ್ತದೆ. ಹಳೆಯದಾಗಿ ಸುಟ್ಟ ಜೇಡಿ, ನುಣುಪು ಧೂಳು ಹೆಚ್ಚಿದ್ದರೆ ಅವು ನೀರು ಕುಡಿದು ಕೂರುತ್ತವೆ, ಶೇ. 3.4 ತೇವಾಂಶವೂ ಕೈಗೆ ಒಣ ಅನಿಸುತ್ತದೆ. ಧೂಳು ಕಡಿಮೆ ಇದ್ದರೆ ಅದೇ 3.4 ಹೆಚ್ಚಾಗುತ್ತದೆ. ಕಂಪ್ಯಾಕ್ಟಬಿಲಿಟಿ ನೀರನ್ನು ಅಳೆಯುವುದಿಲ್ಲ, ಈ ಉಸುಕಿಗೆ ಈ ನೀರು ಸಾಲುತ್ತದೆಯೇ ಎಂದು ಹೇಳುತ್ತದೆ. ಹುಡುಗ ಇಷ್ಟು ಹಿಡಿದುಕೊಂಡರೆ, ಕಂಪ್ಯಾಕ್ಟಬಿಲಿಟಿ ಸರಿ ಇದ್ದೂ ತೇವಾಂಶ ದಿನೇ ದಿನೇ ಏರುತ್ತಿರುವುದನ್ನು ಕಂಡಾಗ ಧೂಳು ಸೇರಿಕೊಳ್ಳುತ್ತಿದೆ ಎಂದು ಮೇಲಿನವರಿಗೆ ಹೇಳಬಲ್ಲ.

ಉಳಿದ ಸ್ಲೈಡುಗಳು ಅಂಕಿ ಬಂದ ಮೇಲೆ ಮಾಡುವುದಕ್ಕೆ. 42ರಿಂದ 46ರ ನಡುವೆ ಬಂದರೆ ಬರೆದು ಸುಮ್ಮನಿರು. ಹೊರಗೆ ಬಂದರೆ ನೀರಿನ ಮಾತೆತ್ತುವ ಮುಂಚೆ ಇನ್ನೊಂದು ಸ್ಯಾಂಪಲ್ ತಂದು ನೋಡು. ಎರಡೂ ಹೊರಗಿದ್ದರೆ ಮಿಕ್ಸರ್‌ಗೆ ಹೇಳು. ಮೂರನೇ ಸಲವೂ ಹೊರಗಿದ್ದರೆ ಪಾಳಿ ಸೂಪರ್‌ವೈಸರ್‌ಗೆ ಫೋನ್ ಮಾಡು, ನೀರು ಮತ್ತೆ ಬದಲಿಸಬೇಡ. ಒಟ್ಟು 16 ಸ್ಲೈಡ್ ಆಯಿತು. ವಿಷಯದ ಲೆಕ್ಕದಲ್ಲಿ ಮೂವರಲ್ಲಿ ಕಡಿಮೆ ಇದೇ, ಸ್ಲೈಡಿನ ಲೆಕ್ಕದಲ್ಲಿ ಹೆಚ್ಚು ಇದೇ.

ಅಳತೆ ಸರಿ ಇದೆಯೇ ಎಂದು ನೋಡುವುದು

ಮೂರಕ್ಕೂ ಕಳಿಸುವ ಮುಂಚೆ ಮಾಡಬಹುದಾದ ಚಿಕ್ಕ ಪರೀಕ್ಷೆಗಳಿವೆ. ಎಂ.ಡಿ.ಯ ಪುಟವನ್ನು ಈ ಕೆಲಸಕ್ಕೆ ಸಂಬಂಧವೇ ಇಲ್ಲದ ಅಕೌಂಟ್ಸ್ ವಿಭಾಗದವರೊಬ್ಬರಿಗೆ ಒಂದು ನಿಮಿಷ ಕೊಟ್ಟು ವಾಪಸ್ ತೆಗೆದುಕೊಳ್ಳಿ. ಏನು ಕೇಳಿದ್ದಾರೆ, ಎಷ್ಟು ದುಡ್ಡು, ಯಾವುದು ಇನ್ನೂ ಗೊತ್ತಿಲ್ಲ ಎಂದು ಕೇಳಿ. ಮೂರನೆಯದಕ್ಕೆ ಉತ್ತರ ಬರದಿದ್ದರೆ ಪುಟ ಜಾಸ್ತಿ ಕುಗ್ಗಿದೆ, ಅಥವಾ ಆ ಸಾಲು ಸಣ್ಣ ಅಕ್ಷರದಲ್ಲಿ ಕೆಳಗೆ ಬಿದ್ದಿದೆ. ಸರಿಸಮಾನರ ಡೆಕ್ಕಿಗೆ, ಅದನ್ನಷ್ಟೇ ಇಟ್ಟುಕೊಂಡು ಅವರು ತಮ್ಮ ಪ್ರಯೋಗದ ದಾಖಲೆ ಹಾಳೆಯ ಕಾಲಂಗಳನ್ನು ಬರೆಯಬಲ್ಲರೇ ಎಂಬುದು ಪರೀಕ್ಷೆ. ಖಾಲಿ ಉಳಿದ ಕಾಲಂ ಎಂದರೆ ನೀವು ಬಿಟ್ಟ ಸ್ಲೈಡ್. ಹುಡುಗನದಕ್ಕೆ, ಒಂದೇ ಡಬ್ಬಿಯ ಉಸುಕಿನಿಂದ ಅವನೂ ಲ್ಯಾಬಿನ ಹಳಬರೂ ಒಬ್ಬರ ಹಿಂದೊಬ್ಬರು ಟೆಸ್ಟ್ ಮಾಡಲಿ. ಅಂಕಿಗಳು ಎರಡಕ್ಕಿಂತ ಹೆಚ್ಚು ದೂರ ಇದ್ದರೆ, ಪಕ್ಕದಲ್ಲಿ ನಿಂತು ಎಲ್ಲಿ ತಟ್ಟಿದ ಎಂದು ನೋಡಿ.

ಮೂರು ಕಡತ ಆದ ಮೇಲೆ ಅವುಗಳ ಅಂಕಿ ಬೇರೆ ಬೇರೆಯಾಗುವುದು ಹೊಸ ತೊಂದರೆ. ಕೊನೆಯ ಎರಡು ವಾರದ ಮಷಿನ್ ಶಾಪ್ ವಾಪಸಾತಿ ಬಂದ ದಿನ ಸರಿಸಮಾನರ ಕೋಷ್ಟಕ ಬದಲಾಗುತ್ತದೆ, ಎಂ.ಡಿ.ಯ 'ಸುಮಾರು 6' ಎಂಬುದನ್ನು ಮತ್ತೆ ನೋಡಬೇಕಾಗುತ್ತದೆ. ಆದ್ದರಿಂದ ಮಾಲುವಾರು ಎಣಿಕೆಯನ್ನು ಒಂದೇ ಎಕ್ಸೆಲ್ ಹಾಳೆಯಲ್ಲಿ ಇಟ್ಟು, ಎರಡೂ ಡೆಕ್ಕಿನ ಅಡಿಯಲ್ಲಿ ಆ ಹಾಳೆಯ ತಾರೀಖು ಹಾಕಬೇಕು. ಹುಡುಗನ ಡೆಕ್ಕಿನಲ್ಲಿ ರಿಜೆಕ್ಷನ್ ಅಂಕಿ ಒಂದೂ ಇಲ್ಲ, ಹಾಗಾಗಿ ಅದಕ್ಕೆ ಈ ತಾಪತ್ರಯವಿಲ್ಲ. ಅದರಲ್ಲಿ ತಿದ್ದಬೇಕಾಗುವುದು 42–46 ಎಂಬ ಗುರಿ ಮಾತ್ರ, ಅದೂ ಬೆಂಟೊನೈಟ್ ಸರಬರಾಜುದಾರರನ್ನೋ ಮೋಲ್ಡಿಂಗ್ ಯಂತ್ರವನ್ನೋ ಬದಲಿಸಿದಾಗ. ಆ ಅಂಕಿ ಎರಡು ಸ್ಲೈಡಿನಲ್ಲಿ ಬರುತ್ತದೆ. ಒಂದರಲ್ಲಿ ತಿದ್ದಿ ಇನ್ನೊಂದರಲ್ಲಿ ಮರೆಯದಿರಲು, ಗೋಡೆಗೆ ಅಂಟಿಸಿದ ಹಾಳೆಯನ್ನೂ ಸೇರಿಸಿ ಅದು ಎಲ್ಲೆಲ್ಲಿದೆ ಎಂದು ಡೆಕ್ಕಿನ ಕೊನೆಯ ಸ್ಲೈಡಿನ ಟಿಪ್ಪಣಿಯಲ್ಲಿ ಬರೆದಿಟ್ಟಿದ್ದಾರೆ.